ಕಿಸ್ಲೇವ್ 25ರಿಂದ ಎಂಟು ರಾತ್ರಿ: ಹನುಕ್ಕಾ ದಿನಾಂಕವನ್ನು ಎಣಿಸುವ ಕ್ರಮ ಮತ್ತು ಕ್ರಿಸ್‌ಮಸ್ ಜೊತೆ ಅದು ಕೂಡಿಬರುವ ವರ್ಷಗಳು

ಯೆಹೂದಿಗಳ ದೀಪಗಳ ಹಬ್ಬವಾದ ಹನುಕ್ಕಾ 2024ರಲ್ಲಿ ಡಿಸೆಂಬರ್ 25ರ ಸಂಜೆ ಆರಂಭವಾಯಿತು. 2025ರಲ್ಲಿ ಅದು ಡಿಸೆಂಬರ್ 14ಕ್ಕೆ ಹಿಂದೆ ಸರಿಯಿತು, 2026ರಲ್ಲಿ ಡಿಸೆಂಬರ್ 4ಕ್ಕೆ ಬರುತ್ತದೆ, ಮರುವರ್ಷ ಒಮ್ಮೆಲೇ ಮುಂದಕ್ಕೆ ಹಾರಿ ಡಿಸೆಂಬರ್ 24ರ ಸಂಜೆಗೆ ಬಂದು ನಿಲ್ಲುತ್ತದೆ. ಯೆಹೂದಿ ಪಂಚಾಂಗದಲ್ಲಾದರೋ ಈ ನಾಲ್ಕೂ ವರ್ಷಗಳಲ್ಲಿ ಹಬ್ಬದ ತಾರೀಖು ಒಂದೇ, ಕಿಸ್ಲೇವ್ ತಿಂಗಳ 25. ಚಾಂದ್ರಮಾನ ಯುಗಾದಿ ಪ್ರತಿ ವರ್ಷ ಚೈತ್ರ ಶುದ್ಧ ಪಾಡ್ಯಕ್ಕೇ ಬಂದರೂ ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚ್ ಮತ್ತು ಏಪ್ರಿಲ್ ನಡುವೆ ಓಲಾಡುವುದನ್ನು ನೋಡಿ ಬೆಳೆದ ನಮಗೆ ಇದರ ತತ್ತ್ವ ಹೊಸದಲ್ಲ. ಆದರೆ ಎಣಿಕೆಯ ವಿವರಗಳು ಬೇರೆ, ಮತ್ತು ತಪ್ಪುಗಳು ನುಸುಳುವುದು ಆ ವಿವರಗಳಲ್ಲಿಯೇ. ಯೆಹೂದಿ ಹೊಸವರ್ಷದ ದಿನಾಂಕವೊಂದು ಗೊತ್ತಿದ್ದರೆ ಉಳಿದದ್ದನ್ನು ಕೈಬೆರಳಲ್ಲಿ ಹೇಗೆ ಲೆಕ್ಕಹಾಕಬಹುದು ಎಂಬುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ವಿವರಿಸಿದ್ದೇನೆ.

25 ಎಂಬ ಸಂಖ್ಯೆ ಬಂದದ್ದು ಎಲ್ಲಿಂದ

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಜೆರುಸಲೇಮನ್ನು ಆಳುತ್ತಿದ್ದ ಸೆಲ್ಯೂಸಿಡ್ ವಂಶದ ದೊರೆ ನಾಲ್ಕನೆಯ ಆಂಟಿಯೋಕಸನು ಅಲ್ಲಿನ ದೇವಾಲಯದ ಬಲಿಪೀಠವನ್ನು ಅನ್ಯದೇವತೆಯ ಪೂಜೆಗೆ ಒಪ್ಪಿಸಿದನು. ಅವನ ವಿರುದ್ಧ ದಂಗೆಯೆದ್ದ ಯೂದಾ ಮಕ್ಕಬಿಯ ಪಡೆಯು ಕ್ರಿಸ್ತಪೂರ್ವ 164ರಲ್ಲಿ ದೇವಾಲಯವನ್ನು ಮರಳಿ ಪಡೆದು, ಹೊಸ ಬಲಿಪೀಠವನ್ನು ಕಟ್ಟಿ, ಕಿಸ್ಲೇವ್ 25ರಂದು ಅದನ್ನು ಪ್ರತಿಷ್ಠಾಪಿಸಿತು. ಮಕ್ಕಬಿಯರ ಮೊದಲನೆಯ ಗ್ರಂಥವು ಆ ತಾರೀಖನ್ನು ಸ್ಪಷ್ಟವಾಗಿ ದಾಖಲಿಸುತ್ತದೆ. ಪೀಠವು ಅಪವಿತ್ರಗೊಂಡ ತಾರೀಖಿನಂದೇ ಅದರ ಪುನಃಪ್ರತಿಷ್ಠೆಯೂ ನಡೆಯಿತೆಂದು ಅದು ಹೇಳುತ್ತದೆ. ಹನುಕ್ಕಾ ಎಂಬ ಪದದ ಅರ್ಥವೇ ಪ್ರತಿಷ್ಠೆ. ಎಂಟು ದಿನಗಳಿಗೆ ಕಾರಣ ಕೊಡುವಾಗ ಮಾತ್ರ ಗ್ರಂಥಗಳು ಒಂದೇ ದಾರಿ ಹಿಡಿಯುವುದಿಲ್ಲ. ಮಕ್ಕಬಿಯರ ಎರಡನೆಯ ಗ್ರಂಥವು, ಯುದ್ಧದಿಂದಾಗಿ ಆಚರಿಸಲಾಗದ ಪರ್ಣಶಾಲೆಗಳ ಹಬ್ಬದ ಮಾದರಿಯಲ್ಲಿ ಎಂಟು ದಿನ ಸಂಭ್ರಮಿಸಿದರೆನ್ನುತ್ತದೆ. ಒಂದು ದಿನಕ್ಕಷ್ಟೇ ಸಾಲುವಷ್ಟಿದ್ದ ಶುದ್ಧ ಎಣ್ಣೆ ಎಂಟು ದಿನ ಉರಿಯಿತೆಂಬ ಪ್ರಸಿದ್ಧ ಕಥೆ ಬರುವುದು ಯೆಹೂದಿ ಧರ್ಮಶಾಸ್ತ್ರದ ಸಂಗ್ರಹವಾದ ತಾಲ್ಮುದ್‌ನಲ್ಲಿ.

ಕಿಸ್ಲೇವ್ 25ಕ್ಕೂ ಡಿಸೆಂಬರ್ 25ಕ್ಕೂ ನಂಟು ಹುಡುಕಲು ಹೊರಡುವವರು ಒಂದು ಅಂಶವನ್ನು ಗಮನದಲ್ಲಿಡಬೇಕು. ಮೊದಲನೆಯದು ಚಂದ್ರನನ್ನು ಹಿಂಬಾಲಿಸುವ ತಿಂಗಳ ತಾರೀಖು, ಎರಡನೆಯದು ಸೂರ್ಯನನ್ನು ಹಿಂಬಾಲಿಸುವ ತಿಂಗಳ ತಾರೀಖು. ಎರಡೂ ಕಡೆ 25 ಇದೆ ಎಂಬುದರಿಂದ ಲೆಕ್ಕಕ್ಕೆ ಯಾವ ಸಹಾಯವೂ ಸಿಗುವುದಿಲ್ಲ.

ಮೊದಲ ಹೆಜ್ಜೆ: ದಿನವನ್ನು ಸೂರ್ಯಾಸ್ತದಿಂದ ಆರಂಭಿಸುವುದು

ನಮ್ಮ ಪಂಚಾಂಗದ ದಿನ ಸೂರ್ಯೋದಯದಿಂದ ಮೊದಲಾಗುತ್ತದೆ, ಕಚೇರಿಯ ದಿನ ನಡುರಾತ್ರಿಯಿಂದ. ಯೆಹೂದಿ ದಿನ ಮೊದಲಾಗುವುದು ಸೂರ್ಯಾಸ್ತದಿಂದ, ಅಂದರೆ ರಾತ್ರಿ ಮೊದಲು ಬಂದು ಹಗಲು ಅದರ ಹಿಂದೆ ಬರುತ್ತದೆ. ಆದ್ದರಿಂದ ಕಿಸ್ಲೇವ್ 25ರ ಹಗಲು ಡಿಸೆಂಬರ್ 26 ಆಗಿದ್ದರೆ, ಅದರ ರಾತ್ರಿಯೂ ಹಬ್ಬದ ಮೊದಲ ದೀಪವೂ ಡಿಸೆಂಬರ್ 25ರ ಸಂಜೆಗೆ ಸೇರುತ್ತವೆ.

ಈ ಒಂದು ಸಂಗತಿಯನ್ನು ಮರೆತು ನಾನೇ ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. 2014ರಲ್ಲಿ ನ್ಯೂಜೆರ್ಸಿಯ ನೆರೆಮನೆಯವರು ಮೊದಲ ದೀಪಕ್ಕೆ ಬನ್ನಿರೆಂದು ಕರೆದಿದ್ದರು. ನನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ 17ರ ಚೌಕದಲ್ಲಿ ಹನುಕ್ಕಾ ಎಂದು ಅಚ್ಚಾಗಿತ್ತು. ಅಂದು ಸಂಜೆ ಸಿಹಿಯ ಡಬ್ಬಿ ಹಿಡಿದು ಹೋದಾಗ ಅವರ ಕಿಟಕಿಯಲ್ಲಿ ಎರಡು ದೀಪಗಳನ್ನು ಹಚ್ಚುವ ಸಿದ್ಧತೆ ನಡೆದಿತ್ತು, ಮೊದಲ ದೀಪ ಹಿಂದಿನ ಸಂಜೆಯೇ ಮುಗಿದಿತ್ತು. ಅಚ್ಚಿನ ಕ್ಯಾಲೆಂಡರುಗಳಲ್ಲಿ ಕೆಲವು ಮೊದಲ ಹಗಲನ್ನು, ಕೆಲವು ಮೊದಲ ಸಂಜೆಯನ್ನು ಗುರುತಿಸುತ್ತವೆ. ಯಾವುದು ಎಂಬುದು ಸ್ಪಷ್ಟವಿಲ್ಲದಿದ್ದರೆ, ಹಿಂದಿನ ಸಂಜೆಯೋ ಅಂದಿನ ಸಂಜೆಯೋ ಎಂದು ಬಾಯಿಬಿಟ್ಟು ಕೇಳುವುದೇ ಒಳ್ಳೆಯದು. ದಿನಾಂಕ ಬದಲಿಸಿ ತೋರಿಸುವ ಜಾಲತಾಣಗಳೂ ಸಾಮಾನ್ಯವಾಗಿ ಹಗಲಿನ ತಾರೀಖನ್ನೇ ಕೊಡುತ್ತವೆ.

ಈ ಲೇಖನದಲ್ಲಿ ಮುಂದೆ "ಮೊದಲ ಸಂಜೆ" ಎಂದರೆ ಮೊದಲ ದೀಪ ಹಚ್ಚುವ ಸಂಜೆ, "ಮೊದಲ ಹಗಲು" ಎಂದರೆ ಅದರ ಮರುದಿನ.

ಎರಡನೆಯ ಹೆಜ್ಜೆ: ಎಂಟನ್ನು ಎರಡು ತಿಂಗಳುಗಳ ಮೇಲೆ ಹಾಯಿಸುವುದು

ಹಬ್ಬವು ಕಿಸ್ಲೇವ್ ತಿಂಗಳಲ್ಲಿ ಆರಂಭವಾದರೂ ಆ ತಿಂಗಳಲ್ಲಿ ಮುಗಿಯುವುದಿಲ್ಲ, ಮುಂದಿನ ತೇವೇತ್ ತಿಂಗಳಿಗೆ ದಾಟುತ್ತದೆ. ಎಷ್ಟು ದಿನ ದಾಟುತ್ತದೆ ಎಂಬುದು ಆ ವರ್ಷ ಕಿಸ್ಲೇವ್‌ಗೆ 29 ದಿನಗಳಿವೆಯೋ 30 ದಿನಗಳಿವೆಯೋ ಎಂಬುದನ್ನು ಅವಲಂಬಿಸಿದೆ. ಯೆಹೂದಿ ವರ್ಷದ ಬಹುತೇಕ ತಿಂಗಳುಗಳ ಉದ್ದ ನಿಶ್ಚಿತವಾಗಿದೆ, ಹೆಶ್ವಾನ್ ಮತ್ತು ಕಿಸ್ಲೇವ್ ಎಂಬೆರಡು ಮಾತ್ರ ಹಿಗ್ಗಿ ಕುಗ್ಗುತ್ತವೆ.

2024ರಲ್ಲಿ ಕಿಸ್ಲೇವ್‌ಗೆ 30 ದಿನಗಳಿದ್ದವು. 25ರಿಂದ 30ರವರೆಗೆ ಆರು ದಿನಗಳಾದವು, ಉಳಿದೆರಡು ತೇವೇತ್ 1 ಮತ್ತು 2. ಡಿಸೆಂಬರ್ 26ರ ಹಗಲಿನಿಂದ 2025ರ ಜನವರಿ 2ರ ಹಗಲಿನವರೆಗೆ ಎಂಟು ತುಂಬಿದವು. ಅದರ ಹಿಂದಿನ ವರ್ಷ ಕಿಸ್ಲೇವ್‌ಗೆ 29 ದಿನಗಳು. 2023ರ ಡಿಸೆಂಬರ್ 8ರಂದು ಕಿಸ್ಲೇವ್ 25, ಡಿಸೆಂಬರ್ 12ರಂದು ಕಿಸ್ಲೇವ್ 29, ಅಲ್ಲಿಗೆ ಐದು ದಿನ. ಹಾಗಾಗಿ ತೇವೇತ್ 3ರವರೆಗೆ, ಅಂದರೆ ಡಿಸೆಂಬರ್ 15ರವರೆಗೆ ಎಣಿಸಿದರೆ ಮಾತ್ರ ಎಂಟಾಗುತ್ತದೆ. "ಹಬ್ಬ ತೇವೇತ್ 2ಕ್ಕೆ ಮುಗಿಯುತ್ತದೆ" ಎಂದು ಬಾಯಿಪಾಠ ಮಾಡಿಕೊಂಡವರು ಇಂಥ ವರ್ಷಗಳಲ್ಲಿ ಏಳಕ್ಕೇ ನಿಲ್ಲುತ್ತಾರೆ. ಹಬ್ಬದ ಕೊನೆಯ ತಾರೀಖನ್ನು ನೆನಪಿಡುವ ಬದಲು ಆರಂಭವನ್ನು ಹಿಡಿದು ಎಂಟು ಎಣಿಸುವುದು ಸುರಕ್ಷಿತ.

ದೀಪಗಳ ಎಣಿಕೆ ಸರಳ. ಮೊದಲ ಸಂಜೆ ಒಂದು, ಎರಡನೆಯ ಸಂಜೆ ಎರಡು, ಹೀಗೆ ಏರುತ್ತ ಎಂಟನೆಯ ಸಂಜೆ ಎಂಟು. ಎಂಟರಿಂದ ಇಳಿಯುತ್ತ ಬರಬೇಕೆಂದು ಪ್ರಾಚೀನ ಯೆಹೂದಿ ಗುರು ಶಮ್ಮಾಯಿಯ ಪಂಥದವರು ವಾದಿಸಿದ್ದರು, ಏರುತ್ತ ಹೋಗಬೇಕೆಂಬ ಹಿಲ್ಲೇಲನ ಪಂಥದ ಮತವೇ ರೂಢಿಯಲ್ಲಿ ಉಳಿಯಿತು. ಒಟ್ಟು 36 ದೀಪಗಳಾಗುತ್ತವೆ. ಉಳಿದವುಗಳನ್ನು ಹಚ್ಚಲು ಬಳಸುವ ಶಮ್ಮಾಶ್ ಎಂಬ ಸಹಾಯಕ ದೀಪ ದಿನವೂ ಇರುವುದರಿಂದ, ಮೇಣದಬತ್ತಿ ಕೊಳ್ಳುವವರಿಗೆ 44 ಬೇಕು. ಶುಕ್ರವಾರ ಸಂಜೆ ಮಾತ್ರ ಹಬ್ಬದ ದೀಪವನ್ನು ಸೂರ್ಯಾಸ್ತಕ್ಕೆ ಮುಂಚೆಯೇ, ಶನಿವಾರದ ವಿಶ್ರಾಂತಿದಿನವಾದ ಸಬ್ಬತ್ತಿನ ದೀಪಕ್ಕೂ ಮೊದಲು ಹಚ್ಚಿಬಿಡುತ್ತಾರೆ, ಏಕೆಂದರೆ ಸಬ್ಬತ್ತು ಹೊಕ್ಕ ಮೇಲೆ ಬೆಂಕಿ ಹೊತ್ತಿಸುವಂತಿಲ್ಲ. 2026ರ ಮೊದಲ ಸಂಜೆ ಶುಕ್ರವಾರವೇ ಬಂದಿದೆ.

ಮೂರನೆಯ ಹೆಜ್ಜೆ: ಹೊಸವರ್ಷದಿಂದ ಕಿಸ್ಲೇವ್ 25ನ್ನು ಹಿಡಿಯುವುದು

ಯೆಹೂದಿ ಹೊಸವರ್ಷದ ಹೆಸರು ರೋಶ್ ಹಷಾನಾ, ಅದು ತಿಶ್ರಿ ತಿಂಗಳ 1. ತಿಶ್ರಿಯ ನಂತರ ಹೆಶ್ವಾನ್, ಅದರ ನಂತರ ಕಿಸ್ಲೇವ್. ತಿಶ್ರಿಗೆ ಯಾವಾಗಲೂ 30 ದಿನ. ಹೆಶ್ವಾನ್‌ಗೆ 29 ದಿನಗಳಿದ್ದರೆ ಹೊಸವರ್ಷದ ಹಗಲಿಗೆ 83 ದಿನ ಸೇರಿಸಿದಾಗ ಹನುಕ್ಕಾದ ಮೊದಲ ಹಗಲು ಸಿಗುತ್ತದೆ, 30 ದಿನಗಳಿದ್ದರೆ 84 ಸೇರಿಸಬೇಕು.

ಹೆಶ್ವಾನ್ ಎಷ್ಟು ದಿನದ್ದೆಂದು ತಿಳಿಯಲು ಈ ವರ್ಷದ ರೋಶ್ ಹಷಾನಾದಿಂದ ಮುಂದಿನ ರೋಶ್ ಹಷಾನಾದವರೆಗೆ ದಿನಗಳನ್ನು ಎಣಿಸಿದರೆ ಸಾಕು. ಉತ್ತರದ ಕೊನೆಯ ಅಂಕಿಯೇ ಎಲ್ಲವನ್ನೂ ಹೇಳುತ್ತದೆ. ಅಂಕಿ 3 ಆದರೆ (353 ಅಥವಾ 383) ಹೆಶ್ವಾನ್, ಕಿಸ್ಲೇವ್ ಎರಡಕ್ಕೂ 29 ದಿನ. ಅಂಕಿ 4 ಆದರೆ ಹೆಶ್ವಾನ್‌ಗೆ 29, ಕಿಸ್ಲೇವ್‌ಗೆ 30. ಅಂಕಿ 5 ಆದರೆ ಎರಡಕ್ಕೂ 30.

2024ನ್ನೇ ತೆಗೆದುಕೊಳ್ಳೋಣ. ಆ ವರ್ಷ ರೋಶ್ ಹಷಾನಾದ ಹಗಲು ಅಕ್ಟೋಬರ್ 3, ಗುರುವಾರ. ಅದರ ಮುಂದಿನದು 2025ರ ಸೆಪ್ಟೆಂಬರ್ 23. ಅಕ್ಟೋಬರ್ 3ರಿಂದ ಅಕ್ಟೋಬರ್ 3ಕ್ಕೆ 365 ದಿನ, ಅದರಲ್ಲಿ ಹತ್ತು ಕಳೆದರೆ 355. ಕೊನೆಯ ಅಂಕಿ 5 ಆದ್ದರಿಂದ ಹೆಶ್ವಾನ್‌ಗೆ 30, ಸೇರಿಸಬೇಕಾದದ್ದು 84. ಅಕ್ಟೋಬರಿನಲ್ಲಿ ಉಳಿದ 28 ದಿನಗಳು, ನವೆಂಬರಿನ 30, ಒಟ್ಟು 58. ಇನ್ನು 26 ಬೇಕು, ಅಂದರೆ ಡಿಸೆಂಬರ್ 26 ಮೊದಲ ಹಗಲು. ಮೊದಲ ಸಂಜೆ ಡಿಸೆಂಬರ್ 25.

ಉತ್ತರ ಸರಿಯೇ ಎಂದು ಪರೀಕ್ಷಿಸಲು ವಾರವನ್ನು ನೋಡಬೇಕು. 84 ಎಂದರೆ ಸರಿಯಾಗಿ ಹನ್ನೆರಡು ವಾರ, ಆದ್ದರಿಂದ ಮೊದಲ ಹಗಲು ಹೊಸವರ್ಷ ಬಂದ ವಾರವೇ ಬರಬೇಕು. 83 ಸೇರಿಸಿದ್ದರೆ ಅದಕ್ಕೆ ಒಂದು ದಿನ ಹಿಂದಿನ ವಾರ ಬರಬೇಕು. ಮೇಲಿನ ಉದಾಹರಣೆಯಲ್ಲಿ ಡಿಸೆಂಬರ್ 26 ಗುರುವಾರವೇ. ಇನ್ನೊಂದು ಗಟ್ಟಿ ಪರೀಕ್ಷೆಯಿದೆ: ಹನುಕ್ಕಾದ ಮೊದಲ ಹಗಲು ಮಂಗಳವಾರ ಬರುವುದೇ ಇಲ್ಲ. ನಿಮ್ಮ ಲೆಕ್ಕದಲ್ಲಿ ಮಂಗಳವಾರ ಬಂದಿದ್ದರೆ ಎಲ್ಲೋ ಒಂದು ದಿನ ತಪ್ಪಿದೆ, ಬಹುಮಟ್ಟಿಗೆ ಸಂಜೆಯನ್ನೂ ಹಗಲನ್ನೂ ಕಲಸಿದ್ದೀರಿ.

ಮಂಗಳವಾರ ಬಾರದಿರುವುದೂ ಎರಡು ತಿಂಗಳು ಹಿಗ್ಗಿ ಕುಗ್ಗುವುದೂ ಒಂದೇ ಬೇರಿನವು. ರೋಶ್ ಹಷಾನಾವನ್ನು ಭಾನುವಾರ, ಬುಧವಾರ, ಶುಕ್ರವಾರಗಳಂದು ಬರಗೊಡುವುದಿಲ್ಲ. ಬುಧವಾರ ಅಥವಾ ಶುಕ್ರವಾರ ಬಂದರೆ ಒಂಬತ್ತು ದಿನಗಳ ನಂತರದ ಯೋಮ್ ಕಿಪ್ಪೂರ್ ಉಪವಾಸವು ಸಬ್ಬತ್ತಿನ ಹಿಂದಿನ ದಿನವೋ ಮರುದಿನವೋ ಬಿದ್ದು, ಅಡಿಗೆಗೂ ಇತರ ಕೆಲಸಗಳಿಗೂ ನಿಷೇಧವಿರುವ ಎರಡು ದಿನಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಭಾನುವಾರದ ನಿಷೇಧಕ್ಕೆ ಕಾರಣ ಪರ್ಣಶಾಲೆಗಳ ಹಬ್ಬದ ಏಳನೆಯ ದಿನವು ಸಬ್ಬತ್ತಿಗೆ ಬೀಳಬಾರದೆಂಬುದು. ಹೀಗೆ ಹೊಸವರ್ಷವನ್ನು ಒಂದೆರಡು ದಿನ ಮುಂದಕ್ಕೆ ತಳ್ಳಿದಾಗ ಬರುವ ಹೆಚ್ಚುಕಡಿಮೆಯನ್ನು ಹೆಶ್ವಾನ್ ಮತ್ತು ಕಿಸ್ಲೇವ್ ನುಂಗಿಕೊಳ್ಳುತ್ತವೆ.

ನಾಲ್ಕನೆಯ ಹೆಜ್ಜೆ: ಅಧಿಕ ಮಾಸ ಎಲ್ಲಿದೆ ಎಂದು ನೋಡುವುದು

ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರವರ್ಷಕ್ಕಿಂತ ಇದು ಹನ್ನೊಂದು ದಿನ ಕಡಿಮೆ. ಹಾಗಾಗಿ ಸಾಮಾನ್ಯ ವರ್ಷವೊಂದು ಕಳೆದಾಗ ಹನುಕ್ಕಾ ಡಿಸೆಂಬರಿನಲ್ಲಿ ಹತ್ತು ಹನ್ನೆರಡು ದಿನ ಹಿಂದೆ ಸರಿಯುತ್ತದೆ. ಇದನ್ನು ಹೀಗೇ ಬಿಟ್ಟರೆ ಹಬ್ಬ ಬೇಸಿಗೆಗೆ ಹೋಗಿಬಿಡುತ್ತದೆ, ಆದ್ದರಿಂದ ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಒಂದು ತಿಂಗಳನ್ನು ಹೆಚ್ಚಾಗಿ ಸೇರಿಸುತ್ತಾರೆ. ಅಂಥ ವರ್ಷ ದಾಟಿದ ಮೇಲೆ ಹನುಕ್ಕಾ ಹದಿನೇಳರಿಂದ ಇಪ್ಪತ್ತು ದಿನ ಮುಂದಕ್ಕೆ ಜಿಗಿಯುತ್ತದೆ.

ನಮ್ಮಲ್ಲಿ ಸಂಕ್ರಮಣವಿಲ್ಲದ ಚಾಂದ್ರಮಾಸವೇ ಅಧಿಕ ಮಾಸವಾಗುವುದರಿಂದ ಅದು ಒಮ್ಮೆ ಶ್ರಾವಣ, ಒಮ್ಮೆ ಜ್ಯೇಷ್ಠ ಎಂದು ಬದಲಾಗುತ್ತದೆ. ಯೆಹೂದಿಗಳಲ್ಲಿ ಅದರ ಜಾಗ ನಿಶ್ಚಿತ, ಫೆಬ್ರವರಿ ಮತ್ತು ಮಾರ್ಚ್ ಹೊತ್ತಿಗೆ ಬರುವ ಅದಾರ್ ಮಾಸವೇ ಇಮ್ಮಡಿಯಾಗುತ್ತದೆ. ಯಾವ ವರ್ಷ ಎಂಬುದೂ ನಿಶ್ಚಿತ. ಯೆಹೂದಿ ವರ್ಷಸಂಖ್ಯೆಯನ್ನು 19ರಿಂದ ಭಾಗಿಸಿದಾಗ ಶೇಷ 0, 3, 6, 8, 11, 14 ಅಥವಾ 17 ಬಂದರೆ ಅದು ಅಧಿಕ ಮಾಸವಿರುವ ವರ್ಷ.

ಎರಡು ಪದ್ಧತಿಗಳ ಈ ಭೇದ 2023 ಮತ್ತು 2024ರಲ್ಲಿ ಚೆನ್ನಾಗಿ ಕಾಣಿಸಿತು. ಕಿಸ್ಲೇವ್ 25 ಎಂದರೆ ನಮ್ಮ ಲೆಕ್ಕದಲ್ಲಿ ಬಹುಳ ದಶಮಿ ಅಥವಾ ಏಕಾದಶಿಯ ಆಸುಪಾಸು, ಅಮಾವಾಸ್ಯೆ ಹಬ್ಬದ ನಡುವೆಯೇ ಬರುತ್ತದೆ. 2023ರ ಡಿಸೆಂಬರ್ 8 ಕಾರ್ತಿಕ ಬಹುಳ ಏಕಾದಶಿಯಾಗಿತ್ತು. 2024ರ ಡಿಸೆಂಬರ್ 26 ಮಾರ್ಗಶಿರ ಬಹುಳ ಏಕಾದಶಿಯಾಗಿತ್ತು. ಒಂದೇ ಕಿಸ್ಲೇವ್ 25 ನಮ್ಮ ಎರಡು ಬೇರೆ ತಿಂಗಳುಗಳಲ್ಲಿ ಬಿದ್ದದ್ದೇಕೆಂದರೆ, ನಮ್ಮ ಅಧಿಕ ಶ್ರಾವಣ 2023ರ ಮಳೆಗಾಲದಲ್ಲೇ ಆಗಿಹೋಗಿತ್ತು, ಅವರ ಹೆಚ್ಚಿನ ಅದಾರ್ ಬಂದದ್ದು 2024ರ ಫೆಬ್ರವರಿಯಲ್ಲಿ.

ಇಲ್ಲೇ ಬಹಳ ಜನ ಎಡವುತ್ತಾರೆ. ಅಧಿಕ ಮಾಸವಿರುವ ಯೆಹೂದಿ ವರ್ಷದಲ್ಲಿ ಹನುಕ್ಕಾ ತಡವಾಗಿ ಬರುತ್ತದೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಆ ವರ್ಷದ ಕಿಸ್ಲೇವ್ ಕಳೆದ ಮೇಲಷ್ಟೇ ಅದಾರ್ ಬರುವುದರಿಂದ, ಆ ವರ್ಷದ ಹನುಕ್ಕಾ ಬೇಗನೇ ಇರುತ್ತದೆ. ಜಿಗಿತ ಕಾಣುವುದು ಮುಂದಿನ ಹನುಕ್ಕಾದಲ್ಲಿ. ಯೆಹೂದಿ ವರ್ಷ 5787 ಅಧಿಕ ಮಾಸದ್ದು, ಅದರ ಹನುಕ್ಕಾ 2026ರ ಡಿಸೆಂಬರ್ 4ಕ್ಕೆ. 5788 ಸಾಮಾನ್ಯ ವರ್ಷ, ಅದರ ಹನುಕ್ಕಾ 2027ರ ಡಿಸೆಂಬರ್ 24ಕ್ಕೆ.

ಐದನೆಯ ಹೆಜ್ಜೆ: ಕ್ರಿಸ್‌ಮಸ್ ಒಳಗೆ ಬೀಳುತ್ತದೆಯೇ ಎಂದು ತೀರ್ಮಾನಿಸುವುದು

ಎಂಟು ದಿನಗಳೊಳಗೆ ಡಿಸೆಂಬರ್ 25ರ ಹಗಲಾಗಲಿ ಸಂಜೆಯಾಗಲಿ ಸೇರಬೇಕಾದರೆ ಮೊದಲ ಸಂಜೆ ಡಿಸೆಂಬರ್ 17ಕ್ಕೂ 25ಕ್ಕೂ ನಡುವೆ ಇರಬೇಕು. ಮೊದಲೇ ಅಂದಾಜು ಬೇಕೆಂದರೆ, ಡಿಸೆಂಬರಿನ ಇಸವಿಗೆ 3761 ಕೂಡಿಸಿ ಬಂದ ಯೆಹೂದಿ ವರ್ಷವನ್ನು 19ರಿಂದ ಭಾಗಿಸಿ. ಶೇಷ 1, 4, 7, 12 ಅಥವಾ 15 ಆದರೆ ನಮ್ಮ ಕಾಲದಲ್ಲಿ ಎರಡು ಹಬ್ಬಗಳೂ ಕೂಡುತ್ತವೆ. ಇವೆಲ್ಲ ಅಧಿಕ ಮಾಸದ ವರ್ಷಗಳ ಮರುವರ್ಷಗಳೇ. ಇದೇ ಗುಂಪಿಗೆ ಸೇರಿದ 9 ಮತ್ತು 18 ಎಂಬ ಶೇಷಗಳು ಮಾತ್ರ ಅಂಚಿನಲ್ಲಿ ನಿಂತಿವೆ, ಅವುಗಳಿಗೆ ಮೂರನೆಯ ಹೆಜ್ಜೆಯ ಪೂರ್ಣ ಲೆಕ್ಕ ಮಾಡಲೇಬೇಕು.

ಶೇಷ 9 ಬಂದಾಗ ಹಬ್ಬ ಅತ್ಯಂತ ತಡವಾಗಿರುತ್ತದೆ. 2005ರಲ್ಲೂ 2024ರಲ್ಲೂ ಮೊದಲ ಸಂಜೆ ಡಿಸೆಂಬರ್ 25 ಆಗಿ, ಕ್ರಿಸ್‌ಮಸ್ ರಾತ್ರಿಯೇ ಮೊದಲ ದೀಪ ಬೆಳಗಿತು. ಅದೇ ಶೇಷವಿದ್ದ 1986ರಲ್ಲಿ ರೋಶ್ ಹಷಾನಾ ಅಕ್ಟೋಬರ್ 4ಕ್ಕೆ ಬಂದು, ವರ್ಷ 355 ದಿನಗಳದ್ದಾಗಿ, 84 ಸೇರಿಸಿದಾಗ ಮೊದಲ ಹಗಲು ಡಿಸೆಂಬರ್ 27 ಆಯಿತು. ಮೊದಲ ಸಂಜೆಯ ಹೊತ್ತಿಗೆ ಕ್ರಿಸ್‌ಮಸ್ ಮುಗಿದು ಒಂದು ದಿನವಾಗಿತ್ತು.

ಶೇಷ 18ರ ಕಥೆ ಇದಕ್ಕಿಂತ ಸ್ವಾರಸ್ಯಕರ, ಹೆಶ್ವಾನಿನ ಒಂದೇ ಒಂದು ದಿನ ಏನು ಮಾಡಬಲ್ಲದೆಂದು ಅದರಲ್ಲಿ ಕಾಣುತ್ತದೆ. 1995ರಲ್ಲೂ 2014ರಲ್ಲೂ ರೋಶ್ ಹಷಾನಾ ಒಂದೇ ತಾರೀಖಿಗೆ, ಸೆಪ್ಟೆಂಬರ್ 25ಕ್ಕೆ ಬಂದಿತ್ತು. 1995ರ ವರ್ಷ 355 ದಿನಗಳದ್ದು, ಆದ್ದರಿಂದ 84 ಸೇರಿಸಿದರೆ ಮೊದಲ ಹಗಲು ಡಿಸೆಂಬರ್ 18, ಎಂಟನೆಯ ಹಗಲು ಡಿಸೆಂಬರ್ 25. ಎಂಟನೆಯ ದೀಪವನ್ನು 24ರ ಸಂಜೆ ಹಚ್ಚಲಾಯಿತು, ಕ್ರಿಸ್‌ಮಸ್ ಹಗಲು ಹನುಕ್ಕಾದ ಕೊನೆಯ ಹಗಲೂ ಆಗಿತ್ತು. 2014ರ ವರ್ಷ 354 ದಿನಗಳದ್ದು, 83 ಸೇರಿಸಿದರೆ ಮೊದಲ ಹಗಲು ಡಿಸೆಂಬರ್ 17, ಎಂಟನೆಯದು 24. ಕ್ರಿಸ್‌ಮಸ್ ಮುನ್ನಾದಿನದ ಸೂರ್ಯ ಮುಳುಗುತ್ತಲೇ ಹನುಕ್ಕಾ ಮುಗಿಯಿತು, ಅಂದು ಸಂಜೆ ನೆರೆಮನೆಯ ಕಿಟಕಿಯಲ್ಲಿ ದೀಪಗಳಿರಲಿಲ್ಲ. 2033ರಲ್ಲಿಯೂ ಶೇಷ 18, ಆಗಲೂ ಮೊದಲ ಸಂಜೆ ಡಿಸೆಂಬರ್ 16ಕ್ಕೆ ಬಂದು ಕ್ರಿಸ್‌ಮಸ್ ತಪ್ಪುತ್ತದೆ. ಹೀಗೆ 2016ರಿಂದ 2034ರವರೆಗಿನ ಹತ್ತೊಂಬತ್ತು ವರ್ಷಗಳಲ್ಲಿ ಎರಡೂ ಹಬ್ಬಗಳು ಕೂಡುವುದು 2016, 2019, 2022, 2024, 2027 ಮತ್ತು 2030 ಎಂಬ ಆರು ವರ್ಷಗಳಲ್ಲಿ.

ಕೂಡುವ ವರ್ಷದಲ್ಲಿ ಕ್ರಿಸ್‌ಮಸ್ ರಾತ್ರಿ ಎಷ್ಟನೆಯ ದೀಪವೆಂದು ತಿಳಿಯಲು 26ರಿಂದ ಮೊದಲ ಸಂಜೆಯ ತಾರೀಖನ್ನು ಕಳೆಯಬೇಕು. 2022ರಲ್ಲಿ ಮೊದಲ ಸಂಜೆ ಡಿಸೆಂಬರ್ 18, ಆದ್ದರಿಂದ ಕ್ರಿಸ್‌ಮಸ್ ರಾತ್ರಿ ಎಂಟೂ ದೀಪಗಳು. 2019ರಲ್ಲಿ ಅದು 22, ಆದ್ದರಿಂದ ನಾಲ್ಕು. ಉತ್ತರ ಒಂಬತ್ತು ಬಂದರೆ 1995ರಂತೆ ಹಗಲು ಮಾತ್ರ ಕೂಡಿದೆ ಎಂದರ್ಥ.

ಇವೆಲ್ಲ ಡಿಸೆಂಬರ್ 25ರ ಕ್ರಿಸ್‌ಮಸ್‌ಗೆ ಮಾತ್ರ ಅನ್ವಯಿಸುತ್ತವೆ. ಜೂಲಿಯನ್ ಪಂಚಾಂಗವನ್ನು ಅನುಸರಿಸುವ ರಷ್ಯಾ ಮುಂತಾದ ಕಡೆಗಳ ಆರ್ಥೊಡಾಕ್ಸ್ ಸಭೆಗಳು ಈಗ ಜನವರಿ 7ರಂದು ಅದನ್ನು ಆಚರಿಸುತ್ತವೆ, ಅಷ್ಟು ದೂರ ಹನುಕ್ಕಾ ಸದ್ಯಕ್ಕೆ ಚಾಚುವುದಿಲ್ಲ. ಯೆಹೂದಿ ಪಂಚಾಂಗದ ಸರಾಸರಿ ವರ್ಷವು ಗ್ರೆಗೋರಿಯನ್ ವರ್ಷಕ್ಕಿಂತ ಸುಮಾರು ಆರು ನಿಮಿಷ ಉದ್ದವಾಗಿರುವುದರಿಂದ ಹಬ್ಬವು ಸುಮಾರು 230 ವರ್ಷಗಳಿಗೆ ಒಂದು ದಿನದಂತೆ ಮುಂದಕ್ಕೆ ಜಾರುತ್ತಿದೆ. ಮೇಲೆ ಕೊಟ್ಟ ಶೇಷಗಳ ಪಟ್ಟಿಯನ್ನು ದೂರದ ಶತಮಾನಗಳಿಗೆ ಹಾಗೆಯೇ ಬಳಸಬಾರದೆಂಬುದಕ್ಕೆ ಇದೇ ಕಾರಣ.

ಕೈಪಳಗಿಸಿಕೊಳ್ಳಲು 2035 ಒಳ್ಳೆಯ ವರ್ಷ. 3761 ಕೂಡಿಸಿದರೆ 5796, ಶೇಷ 1. ರೋಶ್ ಹಷಾನಾ 2035ರ ಅಕ್ಟೋಬರ್ 4, ಗುರುವಾರ. ಮುಂದಿನದು 2036ರ ಸೆಪ್ಟೆಂಬರ್ 22. ನಡುವೆ ಫೆಬ್ರವರಿ 29 ಇರುವುದರಿಂದ 366ರಲ್ಲಿ ಹನ್ನೆರಡು ಕಳೆಯಬೇಕು, 354. ಸೇರಿಸಬೇಕಾದದ್ದು 83. ಅಕ್ಟೋಬರಿನ 27, ನವೆಂಬರಿನ 30, ಉಳಿದ 26 ಡಿಸೆಂಬರಿನವು. ಮೊದಲ ಹಗಲು ಡಿಸೆಂಬರ್ 26, ಬುಧವಾರ, ಗುರುವಾರಕ್ಕಿಂತ ಒಂದು ಹಿಂದೆ, ಹಾಗಾಗಿ ಪರೀಕ್ಷೆಯೂ ಸರಿಹೊಂದಿತು. ಮೊದಲ ದೀಪ ಮತ್ತೆ ಕ್ರಿಸ್‌ಮಸ್ ಸಂಜೆಗೆ.